ಒಂಬತ್ತು ಕಡೆ ದಪ್ಪ ಅಕ್ಷರ: ರಕ್ತದ ರಿಪೋರ್ಟನ್ನು ಓದುವ ಬಗೆ

ಮಲೆನಾಡಿನ ಯಾವುದೋ ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ಬೆಳಿಗ್ಗೆ ರಕ್ತ ಕೊಟ್ಟು ಬಂದ ತಾಯಿಯ ರಿಪೋರ್ಟು ಸಂಜೆಯೊಳಗೆ ಬೆಂಗಳೂರಿನಲ್ಲಿರುವ ಮಗನ ವಾಟ್ಸ್ಆ್ಯಪ್ ಸೇರುತ್ತದೆ. ಮನೆಯ ಮೇಜಿನ ಮೇಲಿಟ್ಟು ತೆಗೆದ ಫೋಟೊ. ಹಾಳೆಯ ಎಡಕ್ಕೆ ಪರೀಕ್ಷೆಗಳ ಹೆಸರು, ನಡುವೆ ಬಂದ ಅಂಕಿ, ಬಲಕ್ಕೆ ಲ್ಯಾಬಿನವರು ಮುದ್ರಿಸಿದ 'ಇಷ್ಟರಿಂದ ಇಷ್ಟು' ಎಂಬ ವ್ಯಾಪ್ತಿ. ವ್ಯಾಪ್ತಿಯಿಂದ ಹೊರಗಿರುವ ಅಂಕಿಗಳೆಲ್ಲ ದಪ್ಪ ಅಕ್ಷರದಲ್ಲಿವೆ. ಮಗ ಎಣಿಸುತ್ತಾನೆ: ಒಂಬತ್ತು. ತಾಯಿಯ ದೂರು ಮಾತ್ರ ಎರಡೇ. ತೋಟದ ಏರು ಹತ್ತುವಾಗ ಏದುಸಿರು, ಸಂಜೆಯಾದರೆ ಕೈಕಾಲು ಸೋಲು.

ಇದು ಮಾದರಿ ಪ್ರಕರಣ. ಇಂಥ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ಅಂಕಿಗಳನ್ನೇ ಜೋಡಿಸಿ ಇಲ್ಲಿ ಇಡಲಾಗಿದೆ. ಪರೀಕ್ಷೆಯ ಹೆಸರು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ. ರೋಗಿಗೆ 42 ವರ್ಷ, ಹೆಣ್ಣು, ಕಾಫಿ ಮತ್ತು ಅಡಿಕೆ ತೋಟದಲ್ಲಿ ಕೆಲಸ. ಒಂಬತ್ತು ಗುರುತುಗಳನ್ನು ಕಂಡ ಮಗನಿಗೆ ಒಂಬತ್ತು ಕಾಯಿಲೆಗಳು ಕಾಣುತ್ತವೆ. ಆದರೆ ಸಾಲುಗಳನ್ನು ಒಂದಕ್ಕೊಂದು ಸೇರಿಸಿ ಓದಿದಾಗ ಅವೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಅದನ್ನು ಕಾಣಬೇಕಾದರೆ ಮೊದಲು ಬಲಗಡೆಯ ಆ ವ್ಯಾಪ್ತಿ ಎಲ್ಲಿಂದ ಬಂತು ಎಂದು ತಿಳಿಯಬೇಕು.

ಬಲಗಡೆಯ ಅಂಕಿ ಯಾರದು?

ಲ್ಯಾಬಿನ ವ್ಯಾಪ್ತಿಯನ್ನು ನಿರ್ಧರಿಸುವ ಕ್ರಮ ಹೀಗಿದೆ: ಕಾಯಿಲೆ ಇಲ್ಲದವರೆಂದು ಆರಿಸಿದ ಒಂದು ಗುಂಪಿನ ರಕ್ತ ಪರೀಕ್ಷಿಸಿ, ಬಂದ ಅಂಕಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸುತ್ತಾರೆ. ಗುಂಪಿನಲ್ಲಿ ಕನಿಷ್ಠ 120 ಜನ ಇರಬೇಕೆಂಬುದು ಅಂತರರಾಷ್ಟ್ರೀಯ ಪದ್ಧತಿ. ಸಾಲಿನ ಕೆಳತುದಿಯಿಂದ ಶೇ 2.5, ಮೇಲ್ತುದಿಯಿಂದ ಶೇ 2.5 ಬಿಟ್ಟು, ನಡುವಿನ ಶೇ 95 ಭಾಗವನ್ನು ವ್ಯಾಪ್ತಿ ಎಂದು ಮುದ್ರಿಸುತ್ತಾರೆ. ಎಷ್ಟೋ ಲ್ಯಾಬುಗಳು ಈ ಕೆಲಸವನ್ನು ತಾವೇ ಮಾಡುವುದಿಲ್ಲ. ಪಠ್ಯಪುಸ್ತಕದಿಂದಲೋ ಯಂತ್ರದ ಕೈಪಿಡಿಯಿಂದಲೋ ತೆಗೆದುಕೊಳ್ಳುತ್ತವೆ.

ಇದರಲ್ಲೇ ಒಂದು ಪರಿಣಾಮ ಅಡಗಿದೆ. ಆರೋಗ್ಯವಂತರಲ್ಲೂ ನೂರಕ್ಕೆ ಐವರು ಈ ಗೆರೆಯ ಆಚೆಗೇ ಇರುತ್ತಾರೆ. ಒಬ್ಬ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ಕನಿಷ್ಠ ಒಂದಕ್ಕಾದರೂ ಗುರುತು ಬೀಳುವ ಸಾಧ್ಯತೆ ಸುಮಾರು ಶೇ 64. 'ಫುಲ್ ಬಾಡಿ ಚೆಕಪ್' ಮಾಡಿಸಿದವರ ರಿಪೋರ್ಟಿನಲ್ಲಿ ಒಂದಾದರೂ ದಪ್ಪ ಅಕ್ಷರ ಇದ್ದೇ ಇರುವುದಕ್ಕೆ ಇದೂ ಒಂದು ಕಾರಣ.

ಹಿಂದೆ ಈ ಅಂಕಣಕ್ಕೆ 'ನಾರ್ಮಲ್' ಎಂದೇ ಕರೆಯುತ್ತಿದ್ದರು. ಫಿನ್ಲೆಂಡಿನ ರಾಲ್ಫ್ ಗ್ರಾಸ್‌ಬೆಕ್ ಮತ್ತು ನಿಲ್ಸ್-ಎರಿಕ್ ಸಾರಿಸ್ ಎಂಬ ವಿಜ್ಞಾನಿಗಳು 1969ರಲ್ಲಿ ಈ ಹೆಸರನ್ನು ಪ್ರಶ್ನಿಸಿದರು. ಗೆರೆಯೊಳಗಿದ್ದರೆ ಆರೋಗ್ಯ, ಹೊರಗಿದ್ದರೆ ರೋಗ ಎಂಬ ಅರ್ಥ ಅದರಿಂದ ಹೊರಡುತ್ತಿತ್ತು. ಯಾವ ಗುಂಪಿನೊಂದಿಗೆ ಹೋಲಿಸಲಾಗಿದೆ ಎಂಬುದನ್ನಷ್ಟೇ ಹೇಳುವ 'ರೆಫರೆನ್ಸ್' ಎಂಬ ಹೆಸರು ಕ್ರಮೇಣ ಎಲ್ಲೆಡೆ ಬಳಕೆಗೆ ಬಂತು.

ಹೋಲಿಸುವ ಗುಂಪು ಬದಲಾದರೆ ಗೆರೆಯೂ ಬದಲಾಗುತ್ತದೆ. ಹೀಗಾಗಿ ಫೋಟೊದಲ್ಲಿ ಮೊದಲು ನೋಡಬೇಕಾದ್ದು ಹಾಳೆಯ ತಲೆಭಾಗ: ಹೆಸರು, ವಯಸ್ಸು, ಲಿಂಗ, ರಕ್ತ ತೆಗೆದ ದಿನಾಂಕ ಮತ್ತು ಸಮಯ. ಹೆಂಗಸರ ಹಿಮೋಗ್ಲೋಬಿನ್ ವ್ಯಾಪ್ತಿ ಬಹುತೇಕ ಲ್ಯಾಬುಗಳಲ್ಲಿ 12ರಿಂದ 15, ಗಂಡಸರದು 13ರಿಂದ 17. ಕೌಂಟರಿನಲ್ಲಿ ನೋಂದಾಯಿಸುವಾಗ ಲಿಂಗದ ಕಲಮಿನಲ್ಲಿ ತಪ್ಪು ಬಿದ್ದರೆ ಹಲವು ಸಾಲುಗಳ ವ್ಯಾಪ್ತಿಯೇ ಬದಲಾಗಿ, ಬೇಡದ ಕಡೆ ಗುರುತು ಬೀಳುತ್ತದೆ. ಗರ್ಭಿಣಿಯರಲ್ಲಿ ರಕ್ತದ ದ್ರವಭಾಗ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಸಹಜವಾಗಿಯೇ ಇಳಿಯುತ್ತದೆ. ಆದರೆ ಹಾಳೆಯ ಮೇಲೆ ಅವರಿಗೂ ಸಾಮಾನ್ಯ ಹೆಂಗಸಿನ ವ್ಯಾಪ್ತಿಯೇ ಮುದ್ರಣವಾಗಿರುವುದುಂಟು.

ಫೋಟೊ ತೆಗೆಯುವವರು ಅಂಕಿಯತ್ತ ಗಮನವಿಟ್ಟು ಏಕಮಾನದ ಅಂಕಣವನ್ನೇ ಕತ್ತರಿಸಿಬಿಡುತ್ತಾರೆ. ನಮ್ಮ ಮಾದರಿಯಲ್ಲಿ ಪ್ಲೇಟ್‌ಲೆಟ್ 462 ಎಂದಿದೆ. ಡೆಂಗಿ ಕಾಲದಲ್ಲಿ ಲಕ್ಷಗಳ ಲೆಕ್ಕ ಕೇಳಿ ರೂಢಿಯಾದವರಿಗೆ ಇದು ಎದೆ ಝಲ್ಲೆನಿಸುವ ಸಂಖ್ಯೆ. ಪಕ್ಕದಲ್ಲಿ 10³/µL ಎಂಬ ಏಕಮಾನ ಕಂಡರೆ ಅದು 462 ಸಾವಿರ, ಅಂದರೆ 4.62 ಲಕ್ಷ ಎಂದು ತಿಳಿಯುತ್ತದೆ. ಹಾಗೆಯೇ ಬಿಳಿ ರಕ್ತಕಣ 7.2 ಎಂದಿದ್ದರೆ 7,200. ಫ್ಲ್ಯಾಶ್ ಬೆಳಕಿನಲ್ಲಿ ದಶಾಂಶ ಬಿಂದು ಮಾಯವಾಗುವುದೂ ಉಂಟು. ಹಾಳೆಯನ್ನು ಬೆಳಕಿಗೆ ಎದುರಾಗಿ ಚಪ್ಪಟೆಯಾಗಿಟ್ಟು, ಎಲ್ಲ ಪುಟಗಳನ್ನೂ, ಕೊನೆಯ ಷರಾ ಸಮೇತ ತೆಗೆದ ಫೋಟೊ ಮಾತ್ರ ವೈದ್ಯರಿಗೆ ಉಪಯೋಗ.

ಕೆಂಪು ಕಣದ ಆರು ಸಾಲು

ಮೊದಲ ಸಾಲು ಹಿಮೋಗ್ಲೋಬಿನ್: 10.2. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 10.2 ಗ್ರಾಂ. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಯೆಲ್ಲ ತಲುಪಿಸುವ ವಸ್ತು ಇದು. ಗರ್ಭಿಣಿಯರಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆ ಎನ್ನುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಈ ಸಾಲು ಹೇಳುವ ಸುದ್ದಿ ಅಪರೂಪದ್ದಲ್ಲ. ರಕ್ತಹೀನತೆ ಯಾಕೆ ಬಂತು ಎಂಬುದನ್ನು ಮಾತ್ರ ಅದೊಂದೇ ಹೇಳಲಾರದು. ಅದರ ಸುಳಿವು ಕೆಳಗಿನ ಸಾಲುಗಳಲ್ಲಿದೆ.

ಎರಡನೆಯದು ಕೆಂಪು ರಕ್ತಕಣಗಳ ಸಂಖ್ಯೆ: 4.38. ಏಕಮಾನ ಮಿಲಿಯನ್, ಅಂದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 43.8 ಲಕ್ಷ ಕಣ. ಹೆಂಗಸರ ವ್ಯಾಪ್ತಿ 3.8ರಿಂದ 4.8. ಇಲ್ಲಿ ಯಾವ ಗುರುತೂ ಇಲ್ಲ. ಕಣಗಳ ಸಂಖ್ಯೆ ಸಾಕಷ್ಟಿದೆ, ಆದರೂ ಹಿಮೋಗ್ಲೋಬಿನ್ ಕಡಿಮೆ. ಅಂದರೆ ಒಂದೊಂದು ಕಣದಲ್ಲೂ ಇರಬೇಕಾದಷ್ಟು ಸರಕು ಇಲ್ಲ. ದಪ್ಪ ಅಕ್ಷರವಿಲ್ಲದ ಈ ಸಾಲೇ ಮುಂದಿನ ವಿಚಾರಣೆಗೆ ದಾರಿ ತೆರೆಯುತ್ತದೆ.

ಮೂರನೆಯದು ಪಿಸಿವಿ: 32.4. ರಕ್ತದ ಒಟ್ಟು ಗಾತ್ರದಲ್ಲಿ ಕೆಂಪು ಕಣಗಳು ತುಂಬಿಕೊಂಡಿರುವ ಪಾಲು ಇದು, ಶೇಕಡಾವಾರಿನಲ್ಲಿ. ಹೆಂಗಸರಿಗೆ 36ರಿಂದ 46. ಮನೆಯಲ್ಲೇ ಮಾಡಬಹುದಾದ ಒಂದು ತಾಳೆ ಇದೆ: ಪಿಸಿವಿ ಸಾಮಾನ್ಯವಾಗಿ ಹಿಮೋಗ್ಲೋಬಿನ್ನಿನ ಮೂರರಷ್ಟರ ಆಸುಪಾಸಿನಲ್ಲಿರುತ್ತದೆ. ಇಲ್ಲಿ 10.2ರ ಮೂರರಷ್ಟು 30.6. ಬಂದಿರುವುದು 32.4, ಹತ್ತಿರವೇ ಇದೆ. ಹಿಮೋಗ್ಲೋಬಿನ್ 10.2 ಇದ್ದು ಪಿಸಿವಿ 42 ಎಂದಿದ್ದರೆ ಎಲ್ಲೋ ತಪ್ಪಾಗಿದೆ. ಟೈಪಿಂಗ್ ತಪ್ಪಿರಬಹುದು, ಮಾದರಿಯಲ್ಲಿ ದೋಷವಿರಬಹುದು, ಅಥವಾ ಫೋಟೊದಲ್ಲಿ ಅಂಕಿ ಸರಿಯಾಗಿ ಕಾಣದೆ ಹೋಗಿರಬಹುದು.

ನಾಲ್ಕನೆಯದು ಎಂಸಿವಿ, ಒಂದು ಕೆಂಪು ಕಣದ ಸರಾಸರಿ ಗಾತ್ರ. ಐದನೆಯದು ಎಂಸಿಎಚ್, ಒಂದು ಕಣದಲ್ಲಿರುವ ಹಿಮೋಗ್ಲೋಬಿನ್ನಿನ ಸರಾಸರಿ ತೂಕ. ಅಮೆರಿಕದ ವೈದ್ಯ ಮ್ಯಾಕ್ಸ್‌ವೆಲ್ ವಿಂಟ್ರೋಬ್ ಈ ಲೆಕ್ಕಗಳನ್ನು ಕಳೆದ ಶತಮಾನದ ಮೊದಲರ್ಧದಲ್ಲಿ ರೂಪಿಸಿದಾಗ ಮೊದಲ ಮೂರು ಅಂಕಿಗಳನ್ನು ಕೈಯಲ್ಲೇ ಅಳೆದು ಭಾಗಿಸಬೇಕಿತ್ತು. ಮುಂದೆ ವ್ಯಾಲೇಸ್ ಕೋಲ್ಟರ್ ಬೇರೊಂದು ದಾರಿ ಕಂಡುಹಿಡಿದರು. ಉಪ್ಪುನೀರಿನಲ್ಲಿ ತೇಲುವ ಕಣಗಳನ್ನು ಸಣ್ಣ ರಂಧ್ರದ ಮೂಲಕ ಹಾಯಿಸಿದರೆ, ಪ್ರತಿ ಕಣವೂ ಅಲ್ಲಿ ಹರಿಯುವ ವಿದ್ಯುತ್ತಿಗೆ ಕ್ಷಣಕಾಲ ತಡೆ ಒಡ್ಡುತ್ತದೆ. ಎಷ್ಟು ತಡೆಗಳಾದವೋ ಅಷ್ಟು ಕಣ, ತಡೆ ಎಷ್ಟು ದೊಡ್ಡದೋ ಅಷ್ಟು ದೊಡ್ಡ ಕಣ. 1953ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಇಂದಿನ ಬಹುತೇಕ ಯಂತ್ರಗಳು ಇದೇ ತತ್ವದಿಂದ ಎಂಸಿವಿಯನ್ನು ನೇರವಾಗಿ ಅಳೆದು, ಪಿಸಿವಿಯನ್ನು ಲೆಕ್ಕ ಹಾಕಿ ಕೊಡುತ್ತವೆ.

ನಮ್ಮ ಮಾದರಿಯಲ್ಲಿ ಎಂಸಿವಿ 74, ವ್ಯಾಪ್ತಿ 83ರಿಂದ 101. ಎಂಸಿಎಚ್ 23.3, ವ್ಯಾಪ್ತಿ 27ರಿಂದ 32. ಕಣಗಳು ಚಿಕ್ಕವು, ಒಳಗಿನ ಸರಕೂ ಕಡಿಮೆ. ಪಕ್ಕದಲ್ಲೇ ಇರುವ ಎಂಸಿಎಚ್‌ಸಿ ಕಣದೊಳಗಿನ ಹಿಮೋಗ್ಲೋಬಿನ್ ಎಷ್ಟು ಗಟ್ಟಿಯಾಗಿದೆ ಎಂದು ಹೇಳುತ್ತದೆ. ಅದು 31.5, ವ್ಯಾಪ್ತಿಯ ಕೆಳಗಿನ ಗೆರೆಯ ಮೇಲೆಯೇ ನಿಂತಿದೆ. ಕಾರಣ ಸರಳ. ಮೂಳೆಮಜ್ಜೆಗೆ ಕಬ್ಬಿಣ ಸಾಲದಾದಾಗ ಅದು ಹಿಮೋಗ್ಲೋಬಿನ್ ತಯಾರಿಸಲಾರದೆ ಸಣ್ಣ ಕಣಗಳನ್ನು ಹೊರಬಿಡುತ್ತದೆ. ಬಿ12 ಅಥವಾ ಫೋಲೇಟ್ ಕೊರತೆಯಲ್ಲಿ ಇದಕ್ಕೆ ತದ್ವಿರುದ್ಧ, ಕಣಗಳು ದೊಡ್ಡವಾಗಿ ಎಂಸಿವಿ 100 ದಾಟುತ್ತದೆ. ಎರಡೂ ಕೊರತೆ ಒಟ್ಟಿಗಿದ್ದರೆ ಸರಾಸರಿ ನಡುವೆ ಬಂದು ನಿಂತು, ಎಂಸಿವಿ ವ್ಯಾಪ್ತಿಯೊಳಗೇ ಉಳಿದುಬಿಡಬಹುದು.

ಆ ಮರೆಯನ್ನು ಬಯಲು ಮಾಡುವುದು ಆರನೆಯ ಸಾಲು, ಆರ್‌ಡಿಡಬ್ಲ್ಯು. ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂಬುದರ ಅಳತೆ ಇದು. ಆರಿಸಿ ತೆಗೆದ ಅಡಿಕೆಯ ರಾಶಿಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ, ಆರಿಸದ ರಾಶಿಯಲ್ಲಿ ಗೋಟು, ಚೂರು, ದಪ್ಪ ಎಲ್ಲವೂ ಸೇರಿರುತ್ತದೆ. ಎರಡು ರಾಶಿಗಳ ಸರಾಸರಿ ಒಂದೇ ಆಗಿದ್ದರೂ ಅವು ಬೇರೆ ಬೇರೆಯೇ. ಆರ್‌ಡಿಡಬ್ಲ್ಯು ವ್ಯಾಪ್ತಿ 11.6ರಿಂದ 14. ಇಲ್ಲಿ 17.8. ಕಬ್ಬಿಣ ಸ್ವಲ್ಪಸ್ವಲ್ಪವೇ ಬರಿದಾದಾಗ ಹಿಂದೆ ಹುಟ್ಟಿದ ದೊಡ್ಡ ಕಣ, ಈಚೆಗೆ ಹುಟ್ಟಿದ ಸಣ್ಣ ಕಣ ಒಟ್ಟಿಗೆ ಹರಿಯುತ್ತಿರುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಆದ್ದರಿಂದ ಕಳೆದ ನಾಲ್ಕು ತಿಂಗಳ ಚರಿತ್ರೆಯೇ ಈ ಅಂಕಿಯಲ್ಲಿ ಬೆರೆತಿದೆ.

ಅದೇ ಹಿಮೋಗ್ಲೋಬಿನ್, ಬೇರೆ ಕತೆ

ಇದೇ ಲ್ಯಾಬಿಗೆ ಬಂದ ಇನ್ನೊಬ್ಬ ಹೆಂಗಸಿನ ರಿಪೋರ್ಟನ್ನು ಪಕ್ಕದಲ್ಲಿಟ್ಟುಕೊಳ್ಳೋಣ. ಹಿಮೋಗ್ಲೋಬಿನ್ 10.6, ಹೆಚ್ಚುಕಡಿಮೆ ಅಷ್ಟೇ. ಎಂಸಿವಿ 62, ಇನ್ನೂ ಚಿಕ್ಕದು. ಆದರೆ ಕೆಂಪು ಕಣಗಳ ಸಂಖ್ಯೆ 5.6, ವ್ಯಾಪ್ತಿಗಿಂತ ಹೆಚ್ಚು! ಆರ್‌ಡಿಡಬ್ಲ್ಯು 14.4, ಬಹುಮಟ್ಟಿಗೆ ಸಹಜ.

ಎಂಸಿವಿಯನ್ನು ಕಣಗಳ ಸಂಖ್ಯೆಯಿಂದ ಭಾಗಿಸುವ ಒಂದು ಲೆಕ್ಕಕ್ಕೆ ಮೆಂಟ್ಜರ್ ಸೂಚ್ಯಂಕ ಎಂದು ಹೆಸರು. ಮೊದಲನೆಯವರಲ್ಲಿ 74ನ್ನು 4.38ರಿಂದ ಭಾಗಿಸಿದರೆ ಸುಮಾರು 17. ಎರಡನೆಯವರಲ್ಲಿ 62ನ್ನು 5.6ರಿಂದ ಭಾಗಿಸಿದರೆ 11. ಹದಿಮೂರಕ್ಕಿಂತ ಹೆಚ್ಚಿದ್ದರೆ ಕಬ್ಬಿಣದ ಕೊರತೆಯ ಕಡೆಗೆ, ಕಡಿಮೆಯಿದ್ದರೆ ಥಲಸ್ಸೀಮಿಯಾ ವಾಹಕತ್ವದ ಕಡೆಗೆ ಅನುಮಾನ ವಾಲುತ್ತದೆ. ವಾಹಕತ್ವ ಹುಟ್ಟಿನಿಂದ ಬಂದದ್ದು, ಹಿಮೋಗ್ಲೋಬಿನ್ ಕಟ್ಟುವ ವಂಶವಾಹಿಯಲ್ಲಿರುವ ವ್ಯತ್ಯಾಸ. ಮೂಳೆಮಜ್ಜೆ ಎಲ್ಲ ಕಣಗಳನ್ನೂ ಒಂದೇ ಅಳತೆಯಲ್ಲಿ ಚಿಕ್ಕದಾಗಿ, ಆದರೆ ಹೆಚ್ಚು ಸಂಖ್ಯೆಯಲ್ಲಿ ತಯಾರಿಸುತ್ತದೆ.

ಈ ಸೂಚ್ಯಂಕ ಅನುಮಾನಕ್ಕಷ್ಟೇ ಸಾಕು, ತೀರ್ಮಾನಕ್ಕೆ ಸಾಲದು. ಖಚಿತಪಡಿಸಲು ಎಚ್‌ಬಿ ಎ2 ಎಂಬ ಅಂಶವನ್ನು ಅಳೆಯುವ ಪರೀಕ್ಷೆ ಬೇಕು. ಅದು ಶೇ 3.5ರಿಂದ 4ರ ಗೆರೆ ದಾಟಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕರು ಎಂದು ತಿಳಿಯುತ್ತಾರೆ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಎಚ್‌ಬಿ ಎ2 ಸ್ವಲ್ಪ ತಗ್ಗಿ ತೋರಿಸಬಹುದಾದ್ದರಿಂದ, ಮೊದಲು ಕಬ್ಬಿಣ ಸರಿಪಡಿಸಿ ಮತ್ತೆ ನೋಡಬೇಕಾಗುತ್ತದೆ. ಇದನ್ನು ಬೇರ್ಪಡಿಸದಿದ್ದರೆ ಎರಡು ನಷ್ಟ. ವಾಹಕರು ಕಬ್ಬಿಣದ ಕೊರತೆ ಇಲ್ಲದಿದ್ದರೂ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅದು ಮೊದಲೇ ಗೊತ್ತಾಗದೆ ಹೋಗುತ್ತದೆ.

ಬಿಳಿ ಕಣ: ಶೇಕಡಾ ನೋಡಬೇಕೋ, ಸಂಖ್ಯೆ ನೋಡಬೇಕೋ

ತಾಯಿಯ ರಿಪೋರ್ಟಿಗೆ ಮರಳಿದರೆ ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ 7,200. ವ್ಯಾಪ್ತಿ 4,000ದಿಂದ 10,000. ಗುರುತಿಲ್ಲ. ಇದರ ಕೆಳಗೆ ಬಿಳಿ ಕಣಗಳ ಐದು ಬಗೆಗಳ ಪಾಲು ಇರುತ್ತದೆ: ನ್ಯೂಟ್ರೋಫಿಲ್ ಶೇ 52, ಲಿಂಫೋಸೈಟ್ 31, ಇಯೋಸಿನೋಫಿಲ್ 11, ಮೋನೋಸೈಟ್ 5, ಬೇಸೋಫಿಲ್ 1. ಐದೂ ಸೇರಿ ನೂರು ಆಗಬೇಕು. ಆಗದಿದ್ದರೆ ಫೋಟೊದಲ್ಲಿ ಯಾವುದೋ ಅಂಕಿ ತಪ್ಪಾಗಿ ಓದಿದ್ದೇವೆ ಎಂದರ್ಥ.

ನೂರರ ಪಾಲು ಎಂದಮೇಲೆ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಸೋಂಕಿನಿಂದ ನ್ಯೂಟ್ರೋಫಿಲ್ ಏರಿದವರ ಲಿಂಫೋಸೈಟ್ ಸಾಲಿನಲ್ಲಿ 'ಕಡಿಮೆ' ಎಂಬ ಗುರುತು ಬಿದ್ದಿರುತ್ತದೆ, ನಿಜಕ್ಕೂ ಅದರ ಸಂಖ್ಯೆ ಇಳಿದೇ ಇರುವುದಿಲ್ಲ. ಅದಕ್ಕೇ ವೈದ್ಯರ ಕಣ್ಣು ಶೇಕಡಾವನ್ನು ದಾಟಿ ಕೆಳಗಿನ 'ಆ್ಯಬ್ಸಲ್ಯೂಟ್' ಎಣಿಕೆಗೆ ಹೋಗುತ್ತದೆ. 7,200ರ ಶೇ 11 ಎಂದರೆ 792 ಇಯೋಸಿನೋಫಿಲ್. ವ್ಯಾಪ್ತಿ 20ರಿಂದ 500. ಇಲ್ಲಿ ಶೇಕಡಾವೂ ಏರಿದೆ, ನಿಜವಾದ ಸಂಖ್ಯೆಯೂ ಏರಿದೆ. ಹೀಗೆ ಒಂದೇ ವಿಷಯಕ್ಕೆ ಎರಡು ಗುರುತು.

ಇಯೋಸಿನೋಫಿಲ್ ಏರುವುದಕ್ಕೆ ಅಲರ್ಜಿ, ಉಬ್ಬಸ, ಚರ್ಮದ ತುರಿಕೆ, ಕೆಲವು ಔಷಧಿಗಳು ಕಾರಣವಾಗುತ್ತವೆ. ನಮ್ಮ ಹಳ್ಳಿಗಾಡಿನಲ್ಲಿ ಇನ್ನೊಂದು ಕಾರಣವೂ ಸಾಮಾನ್ಯ: ಹೊಟ್ಟೆಯ ಹುಳು. ಕೆಂಪು ಕಣದ ಸಾಲುಗಳು ಕಬ್ಬಿಣ ಸೋರುತ್ತಿದೆ ಎನ್ನುತ್ತಿವೆ, ಬಿಳಿ ಕಣದ ಸಾಲು ಹುಳುವಿನ ಕಡೆ ಅನುಮಾನ ಹುಟ್ಟಿಸುತ್ತಿದೆ. ಎರಡನ್ನೂ ಒಟ್ಟಿಗೆ ವಿವರಿಸಬಲ್ಲದ್ದು ಕೊಕ್ಕೆಹುಳು. ಹಸಿ ಮಣ್ಣಿನಲ್ಲಿರುವ ಇದರ ಮರಿ ಬರಿಗಾಲಿನ ಚರ್ಮ ತೂರಿ ಒಳಹೋಗಿ, ಕೊನೆಗೆ ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನೆಕೇಟರ್ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಆಗುವ ರಕ್ತನಷ್ಟ ಸುಮಾರು 0.03 ಮಿಲಿಲೀಟರ್. ನೂರು ಹುಳುಗಳಿದ್ದರೆ 3 ಮಿಲಿಲೀಟರ್, ಈ ತಾಯಿಯ ರಕ್ತದ ಲೆಕ್ಕದಲ್ಲಿ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ. ಆರೋಗ್ಯವಂತರ ಕರುಳು ಇಡೀ ದಿನದ ಊಟದಿಂದ ಹೀರಿಕೊಳ್ಳುವುದೇ ಒಂದರಿಂದ ಎರಡು ಮಿಲಿಗ್ರಾಂ. ಅದರ ಮೇಲೆ ತಿಂಗಳ ಮುಟ್ಟಿನ ನಷ್ಟ ಬೇರೆ.

ಉಳಿದೆರಡು ಗುರುತು

ಪ್ಲೇಟ್‌ಲೆಟ್ 4.62 ಲಕ್ಷ, ವ್ಯಾಪ್ತಿ 1.5ರಿಂದ 4.1 ಲಕ್ಷ. ಕಬ್ಬಿಣದ ಕೊರತೆಯಲ್ಲಿ ಪ್ಲೇಟ್‌ಲೆಟ್ ಹೀಗೆ ಸ್ವಲ್ಪ ಏರುವುದು ಗೊತ್ತಿರುವ ಸಂಗತಿ, ಕೊರತೆ ನೀಗಿದರೆ ತಾನಾಗಿ ಇಳಿಯುತ್ತದೆ. ಇಳಿಯದೆ ಏರುತ್ತಲೇ ಹೋದರೆ ಮಾತ್ರ ಬೇರೆ ತನಿಖೆ ಬೇಕು.

ಇದಕ್ಕೆ ವಿರುದ್ಧವಾಗಿ, ಜ್ವರವೂ ಇಲ್ಲದ, ಮೈಮೇಲೆ ಒಂದು ಕಲೆಯೂ ಇಲ್ಲದ ವ್ಯಕ್ತಿಯ ಪ್ಲೇಟ್‌ಲೆಟ್ 40 ಸಾವಿರ ಎಂದು ಬಂದರೆ, ಯಂತ್ರ ಎಣಿಸುವುದರಲ್ಲೇ ತಪ್ಪಿದೆಯೇ ಎಂದು ಮೊದಲು ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ನೇರಳೆ ಮುಚ್ಚಳದ ಕೊಳವೆಯಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದರಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಯಂತ್ರ ಆ ಗುಂಪನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪು ಕಾಣುತ್ತದೆ. ಸಿಟ್ರೇಟ್ ಇರುವ ಬೇರೆ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದರೆ ನಿಜವಾದ ಎಣಿಕೆ ಸಿಗುತ್ತದೆ. ಹಾಳೆಯ ಕೊನೆಯಲ್ಲಿ ಬರುವ 'ಸ್ಮಿಯರ್' ಷರಾವನ್ನು ಫೋಟೊದಿಂದ ಕತ್ತರಿಸಬಾರದೆನ್ನುವುದು ಈ ಕಾರಣಕ್ಕೇ.

ಕೊನೆಯ ಗುರುತು ಇಎಸ್‌ಆರ್: 28. ನೇರ ನಿಲ್ಲಿಸಿದ ಕೊಳವೆಯಲ್ಲಿ ಒಂದು ಗಂಟೆಯೊಳಗೆ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬ ಅಳತೆ. ಈ ಲ್ಯಾಬಿನಲ್ಲಿ ಹೆಂಗಸರಿಗೆ 20ರವರೆಗೆ ಎಂದಿದೆ. ದೇಹದಲ್ಲಿ ಎಲ್ಲೇ ಉರಿಯೂತವಿದ್ದರೂ ಇದು ಏರುತ್ತದೆ, ವಯಸ್ಸಾದಂತೆಯೂ ಏರುತ್ತದೆ. ರಕ್ತಹೀನತೆಯಲ್ಲಿ ಕಣಗಳ ದಟ್ಟಣೆ ಕಡಿಮೆಯಾಗುವುದರಿಂದ ಅವು ಬೇಗ ತಳ ಸೇರುತ್ತವೆ. ಹೀಗಾಗಿ ಈ 28ಕ್ಕೆ ರಕ್ತಹೀನತೆಯೇ ಸಾಕಷ್ಟು ಕಾರಣ.

ಗುರುತಿಲ್ಲದ ಅಂಕಿ

ವೈದ್ಯರು ಮುಂದಿನ ಪರೀಕ್ಷೆಯಾಗಿ ಫೆರಿಟಿನ್ ಬರೆಯುತ್ತಾರೆ. ದೇಹದ ಕಬ್ಬಿಣದ ಉಗ್ರಾಣ ಎಷ್ಟು ತುಂಬಿದೆ ಎಂದು ಹೇಳುವ ಪರೀಕ್ಷೆ ಇದು. ಫಲಿತಾಂಶ 12. ಲ್ಯಾಬ್ ಮುದ್ರಿಸಿದ ವ್ಯಾಪ್ತಿ 10ರಿಂದ 291. ದಪ್ಪ ಅಕ್ಷರ ಇಲ್ಲ! ಮಗ ನಿಟ್ಟುಸಿರು ಬಿಡುತ್ತಾನೆ: ಕಬ್ಬಿಣ 'ನಾರ್ಮಲ್'.

ಹೋಲಿಕೆಯ ಗುಂಪು ಯಾವುದು ಎಂಬ ಪ್ರಶ್ನೆ ನಿಜಕ್ಕೂ ಕಚ್ಚುವುದು ಇಲ್ಲಿ. 'ಆರೋಗ್ಯವಂತ' ಹೆಂಗಸರ ಗುಂಪು ಆರಿಸುವಾಗ, ಹಿಮೋಗ್ಲೋಬಿನ್ ಇನ್ನೂ ಇಳಿಯದ, ಆದರೆ ಉಗ್ರಾಣ ಬರಿದಾದ ಎಷ್ಟೋ ಹೆಂಗಸರು ಅದರೊಳಗೆ ಸೇರಿರುತ್ತಾರೆ. ಕೊರತೆಯೇ ಸಾಮಾನ್ಯವಾಗಿರುವ ಕಡೆ ಕೆಳಗಿನ ಗೆರೆಯೂ ಕೆಳಗೇ ಜಾರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕಡಿಮೆಯನ್ನು ಕೊರತೆ ಎನ್ನುತ್ತದೆ. ಹಲವು ವೈದ್ಯರು 30ಕ್ಕಿಂತ ಕಡಿಮೆ ಇದ್ದರೇ ಚಿಕಿತ್ಸೆ ಶುರು ಮಾಡುತ್ತಾರೆ. ಈ ತಾಯಿಯ 12, ಹಾಳೆಯ ಮೇಲೆ ಯಾವ ಗುರುತಿಲ್ಲದೆಯೂ, ಇಡೀ ಕತೆಗೆ ಸಾಕ್ಷಿ ನುಡಿಯುತ್ತದೆ. ಇನ್ನೊಂದು ಎಚ್ಚರವೂ ಬೇಕು. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಏರುತ್ತದೆ. ಆಗ ವಯಸ್ಕರಲ್ಲಿ 70ಕ್ಕಿಂತ ಕಡಿಮೆಯಿದ್ದರೂ ಕೊರತೆ ಇರಬಹುದೆಂದು ಅದೇ ಸಂಸ್ಥೆ ಹೇಳುತ್ತದೆ.

ಗೆರೆಯೊಳಗಿನ ಅಂಕಿ ಮೋಸ ಮಾಡುವ ಇನ್ನೊಂದು ಸಂದರ್ಭವಿದೆ. ಅರವತ್ತರ ಗಂಡಸೊಬ್ಬರ ಹಿಮೋಗ್ಲೋಬಿನ್ ವರ್ಷಗಳಿಂದ 15.5ರ ಸುತ್ತ ಇತ್ತು ಎಂದುಕೊಳ್ಳಿ. ಈ ಸಲ 13.3. ವ್ಯಾಪ್ತಿ 13ರಿಂದ 17, ಗುರುತಿಲ್ಲ. ಆದರೆ ಅವರ ಮಟ್ಟಿಗೆ ಎರಡು ಗ್ರಾಂಗೂ ಮೀರಿದ ಕುಸಿತ ಅದು. ಈ ವಯಸ್ಸಿನಲ್ಲಿ ಹೊಟ್ಟೆಯಲ್ಲೋ ಕರುಳಿನಲ್ಲೋ ಕಣ್ಣಿಗೆ ಕಾಣದ ರಕ್ತಸ್ರಾವ ಆಗುತ್ತಿದೆಯೇ ಎಂದು ನೋಡಲೇಬೇಕಾದ ಕುಸಿತ. ಇದಕ್ಕೆ ಪ್ರತಿಯಾಗಿ 12.1 ಇದ್ದದ್ದು 11.8 ಆಗಿ ಹೊಸದಾಗಿ ಗುರುತು ಬಿದ್ದರೆ ಅದರಲ್ಲಿ ಹೆಚ್ಚಿನ ಅರ್ಥವಿಲ್ಲ. ನೀರು ಕುಡಿದದ್ದು, ಕೂತು ಕೊಟ್ಟದ್ದೋ ಮಲಗಿ ಕೊಟ್ಟದ್ದೋ ಎಂಬುದು, ಯಂತ್ರದ ಸಹಜ ಏರಿಳಿತ ಇವುಗಳಿಂದಲೇ ಅರ್ಧ ಗ್ರಾಂನಷ್ಟು ವ್ಯತ್ಯಾಸ ಬರುತ್ತದೆ. ಹಳೆಯ ರಿಪೋರ್ಟುಗಳ ಫೋಟೊಗಳನ್ನು ದಿನಾಂಕದೊಂದಿಗೆ ಒಂದೆಡೆ ಇಟ್ಟುಕೊಂಡವರಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ. ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಹೋಲಿಕೆ ಇನ್ನೂ ಸರಿಯಾಗುತ್ತದೆ.

ಕಾದು ನೋಡಬಾರದ ಅಂಕಿಗಳೂ ಇವೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ. ಪ್ಲೇಟ್‌ಲೆಟ್ 20 ಸಾವಿರಕ್ಕಿಂತ ಕಡಿಮೆ, ನ್ಯೂಟ್ರೋಫಿಲ್ ಸಂಖ್ಯೆ 500ಕ್ಕಿಂತ ಕಡಿಮೆ, ಅಥವಾ ಸ್ಮಿಯರ್ ಷರಾದಲ್ಲಿ 'ಬ್ಲಾಸ್ಟ್' ಎಂಬ ಪದ ಇದ್ದರೆ ಫೋಟೊ ಕಳಿಸಿ ಉತ್ತರಕ್ಕಾಗಿ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಾಲ್ಕು ವಾರದ ನಂತರದ ರಿಪೋರ್ಟು

ಈ ತಾಯಿಯನ್ನು ವೈದ್ಯರು ಕೇಳುವ ಪ್ರಶ್ನೆಗಳು ಅಂಕಿಗಳಿಂದಲೇ ಹುಟ್ಟಿದವು. ಮುಟ್ಟಿನಲ್ಲಿ ಎಷ್ಟು ದಿನ, ಎಷ್ಟು ಬಟ್ಟೆ ಅಥವಾ ಪ್ಯಾಡ್ ಬೇಕಾಗುತ್ತದೆ? ಮಲ ಕಪ್ಪಗೆ ಹೋಗುತ್ತದೆಯೇ? ಮಂಡಿನೋವಿಗೆಂದು ಮಾತ್ರೆ ನುಂಗುವ ರೂಢಿ ಇದೆಯೇ? ತೋಟಕ್ಕೆ ಬರಿಗಾಲಿನಲ್ಲಿ ಹೋಗುತ್ತಾರೆಯೇ? ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ. ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಗುತ್ತದೆ. ಒಮ್ಮೆ ಸಿಗದಿದ್ದರೆ ಹುಳು ಇಲ್ಲವೆಂದಲ್ಲ, ಬೇರೆ ದಿನದ ಮಾದರಿಯನ್ನೂ ನೋಡಬೇಕಾಗುತ್ತದೆ. ಚಿಕಿತ್ಸೆಗೆ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ. ಕಬ್ಬಿಣದ ಮಾತ್ರೆಯನ್ನು ಕಾಫಿ ಚಹಾದ ಜೊತೆ ತೆಗೆದುಕೊಂಡರೆ ಹೀರಿಕೆ ಕುಗ್ಗುತ್ತದೆ. ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಗುವುದು ಕಬ್ಬಿಣದಿಂದಲೇ, ರಕ್ತಸ್ರಾವದಿಂದಲ್ಲ.

ನಾಲ್ಕು ವಾರದ ನಂತರ ಬರುವ ಹಾಳೆಯಲ್ಲಿ ಹಿಮೋಗ್ಲೋಬಿನ್ 11.7. ತಿಂಗಳಿಗೆ ಒಂದರಿಂದ ಎರಡು ಗ್ರಾಂ ಏರಿದರೆ ಚಿಕಿತ್ಸೆ ಹಿಡಿದಿದೆ ಎಂದು ಅರ್ಥ. ಪ್ಲೇಟ್‌ಲೆಟ್ 3.7 ಲಕ್ಷಕ್ಕೆ ಇಳಿದು ಗುರುತು ಅಳಿಸಿದೆ. ಆದರೆ ಆರ್‌ಡಿಡಬ್ಲ್ಯು 17.8 ಇದ್ದದ್ದು 21ಕ್ಕೆ ಏರಿದೆ. ಕೆಟ್ಟ ಸುದ್ದಿಯಂತೆ ಕಾಣುವ ಇದು ನಿಜಕ್ಕೂ ಗುಣದ ಲಕ್ಷಣ. ಕಬ್ಬಿಣ ಸಿಕ್ಕ ಮೂಳೆಮಜ್ಜೆ ಸರಿಯಾದ ಗಾತ್ರದ ಹೊಸ ಕಣಗಳನ್ನು ಬಿಡತೊಡಗಿದೆ, ಹಳೆಯ ಸಣ್ಣ ಕಣಗಳಿನ್ನೂ ಸತ್ತಿಲ್ಲ, ಎರಡರ ಗಾತ್ರದ ಅಂತರ ಸದ್ಯಕ್ಕೆ ಹೆಚ್ಚಾಗಿದೆ.

ಏರಿಕೆ ಕಾಣದಿದ್ದರೆ ಹುಡುಕಬೇಕಾದ ಕಾರಣಗಳು ಬೆರಳೆಣಿಕೆಯಷ್ಟು: ಹೊಟ್ಟೆ ತೊಳಸಿದಂತಾಗಿ ಮಾತ್ರೆ ಬಿಟ್ಟಿರಬಹುದು, ಕರುಳು ಹೀರದಿರಬಹುದು, ರಕ್ತ ಇನ್ನೂ ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಮೊದಲ ಅನುಮಾನವೇ ತಪ್ಪಾಗಿ ಇದು ಥಲಸ್ಸೀಮಿಯಾ ವಾಹಕತ್ವವಿರಬಹುದು. ಏರಿಕೆ ಸರಿಯಾಗಿದ್ದರೂ ಹಿಮೋಗ್ಲೋಬಿನ್ 12 ದಾಟಿದ ದಿನ ಮಾತ್ರೆ ನಿಲ್ಲಿಸುವಂತಿಲ್ಲ. ಮೂಳೆಮಜ್ಜೆ ಸಿಕ್ಕ ಕಬ್ಬಿಣವನ್ನೆಲ್ಲ ಮೊದಲು ಕಣ ಕಟ್ಟಲು ಬಳಸುತ್ತದೆ, ಉಗ್ರಾಣ ತುಂಬುವುದು ಆಮೇಲೆ. ಅದಕ್ಕೇ ಆ ಬಳಿಕವೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಿ, ನಂತರ ಫೆರಿಟಿನ್ ಮತ್ತೊಮ್ಮೆ ನೋಡುತ್ತಾರೆ. ಆಗ ಅಂಕಿ 30ರ ಮೇಲೆ ಬಂದಿದೆಯೇ ಎಂಬುದೇ ಪ್ರಶ್ನೆ. ಮುದ್ರಿತ ವ್ಯಾಪ್ತಿ ಆ ದಿನವೂ 10ರಿಂದ 291 ಎಂದೇ ಇರುತ್ತದೆ.